ಟಾಕೀಸಿನ ಮುಂದಿನ ಪೇಂಟ್ ಮಾಡಿದ ಬೋರ್ಡುಗಳು ಅಷ್ಟು ಬೇಗ ಮಾಯವಾಗಿದ್ದು ಯಾಕೆ?

ಟಿಳಕವಾಡಿ ತಮ್ಮ:
ಒಂದು ಪ್ರಶ್ನೆ ಬಹಳ ದಿನದಿಂದ ತಲೆಯಲ್ಲಿದೆ. ಬೆಳಗಾವಿಯಲ್ಲಿ ಅಂಗಡಿ ಬೋರ್ಡ್ ಬರೆಯುವವರು ಇವತ್ತಿಗೂ ಅಲ್ಲಲ್ಲಿ ಸಿಗುತ್ತಾರೆ. ಲಾರಿ, ಟ್ರ್ಯಾಕ್ಟರ್ ಹಿಂದೆ ಬರೆಯುವವರಿದ್ದಾರೆ, ಗಣಪತಿ ಮೂರ್ತಿಗೆ ಕಣ್ಣು ಬರೆಯುವವರೂ ಇದ್ದಾರೆ. ಆದರೆ ಟಾಕೀಸಿನ ಮುಂದೆ ಹೀರೋನ ಮುಖ ಮನೆಯಷ್ಟು ದೊಡ್ಡದು ಮಾಡಿ ಬರೆಯುತ್ತಿದ್ದವರು ಮಾತ್ರ ಒಬ್ಬರೂ ಇಲ್ಲ. ಅಪ್ಪನ್ನ ಕೇಳಿದರೆ "ಫ್ಲೆಕ್ಸ್ ಬಂತು, ಹೋದರು" ಅಂತಾರೆ, ಅಷ್ಟೇ. ಫ್ಲೆಕ್ಸ್ ಎಲ್ಲರಿಗೂ ಬಂತಲ್ಲ? ಉಳಿದ ಪೇಂಟರುಗಳು ಹೇಗೋ ಅರ್ಧ ಉಳಿದರು. ಇವರು ಮಾತ್ರ ಪೂರ್ತಿ ಯಾಕೆ ಹೋದರು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಫ್ಲೆಕ್ಸ್ ಮಂಜ, ಬಾಗಲಕೋಟೆ:
ಇದರಲ್ಲಿ ಬಿಡಿಸೋದು ಏನಿದೆ? ರೇಟು ಅಷ್ಟೇ. ನಾನು ನವನಗರದಲ್ಲಿ ಪ್ರಿಂಟಿಂಗ್ ಇಟ್ಟುಕೊಂಡಿದ್ದೇನೆ. ಪೇಂಟರ್ ಒಂದು ಬೋರ್ಡಿಗೆ ನಾಲ್ಕೈದು ದಿನ ತಗೊಂಡರೆ ನನ್ನ ಮಷಿನ್ ಚಹಾ ಕುಡಿದು ಬರೋದ್ರೊಳಗೆ ಇಳಿಸಿಬಿಡುತ್ತೆ. ಚದರ ಅಡಿ ಲೆಕ್ಕ ಹಾಕಿದರೆ ಕೂಲಿ ಎಲ್ಲಿ, ಇಂಕು ಎಲ್ಲಿ? ವ್ಯಾಪಾರ ಅಂದ್ರೆ ವ್ಯಾಪಾರ.

ಬಣ್ಣದ ಕಾಕಾ:
ಮಂಜ ಹೇಳಿದ್ದು ಈಗಿನ ರೇಟು. ಶುರುವಿನಲ್ಲಿ ಹಾಗಿರಲಿಲ್ಲ.

ನಾನು ಖಡೇಬಜಾರದ ಹತ್ತಿರ ನಮ್ಮ ಸೋದರಮಾವನ ಅಂಗಡಿಯಲ್ಲಿ ಬಣ್ಣ ಕಲಸುತ್ತಾ ಬೆಳೆದವನು. 2000ದ ಆಚೀಚೆ ಮೊದಲ ಫ್ಲೆಕ್ಸ್ ಬಂದಾಗ ಅದು ದುಬಾರಿ ಸಾಮಾನು. ಊರಲ್ಲಿ ಮಷಿನ್ ಇರಲಿಲ್ಲ. ಹೊರಗೆ ಪ್ರಿಂಟ್ ಮಾಡಿಸಿ, ಸುತ್ತಿ, ರಾತ್ರಿ ಬಸ್ಸಿನ ಮೇಲೆ ಹಾಕಿ ತರಿಸಬೇಕಿತ್ತು. ನಮ್ಮ ಬೋರ್ಡು ಅದಕ್ಕಿಂತ ಸೋವಿಯೇ ಇತ್ತು. ಯಾಕೆಂದರೆ ಬಟ್ಟೆ ಪ್ರತಿ ಸಲ ಹೊಸದಲ್ಲ. ಸಿನಿಮಾ ಇಳಿದ ಮೇಲೆ ಅದೇ ಬಟ್ಟೆ ಅಂಗಡಿಗೆ ವಾಪಸ್ ಬರೋದು, ಮೇಲೆ ಬಿಳಿ ಹೊಡೆದು ಮುಂದಿನ ಸಿನಿಮಾ ಬರೆಯೋದು. ಹೀಗೆ ಒಂದರ ಮೇಲೊಂದು. ಆದರೂ ಟಾಕೀಸಿನವರು ಫ್ಲೆಕ್ಸ್ ಕಡೆ ತಿರುಗಿದರು. ಹಾಗಾಗಿ ರೇಟು ಒಂದೇ ಕಾರಣ ಅಂದರೆ ಲೆಕ್ಕ ಕೂಡಲ್ಲ.

ತಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಬೇಕಂದ್ರೆ ನಮ್ಮ ಕೆಲಸ ನಿಜವಾಗಿ ಏನಿತ್ತು ಅಂತ ನೋಡಬೇಕು. ಜನ ಅಂದುಕೊಂಡಿದ್ದು ಚಿತ್ರ ಬರೆಯೋದು ಅಂತ. ಟಾಕೀಸಿನವರು ನಮಗೆ ದುಡ್ಡು ಕೊಡುತ್ತಿದ್ದದ್ದು ಚಿಕ್ಕದನ್ನ ದೊಡ್ಡದು ಮಾಡೋದಕ್ಕೆ.

ಒಂದು ಬೋರ್ಡಿನ ಲೆಕ್ಕ ಹೇಳ್ತೀನಿ. 20 ಅಡಿ ಅಗಲ, 10 ಅಡಿ ಎತ್ತರ ಅಂತ ಇಟ್ಟುಕೋ. ಹಂಚಿಕೆದಾರರಿಂದ ಒಂದು ಲಕೋಟೆ ಸ್ಟಿಲ್ ಬರೋವು. ಹೀರೋನ ಮುಖ ಒಂದು ಫೋಟೋದಲ್ಲಿ ಚೆನ್ನಾಗಿರೋದು, ಹೀರೋಯಿನ್ ಇನ್ನೊಂದರಲ್ಲಿ, ಫೈಟು ಮತ್ತೊಂದರಲ್ಲಿ. ಮೂರೂ ಅಳತೆ ಬೇರೆ, ಬೆಳಕು ಬೀಳೋ ದಿಕ್ಕೂ ಬೇರೆ. ಹೀರೋನ ಮುಖ ಫೋಟೋದಲ್ಲಿ ಎರಡು ಇಂಚು ಇದೆ, ಬೋರ್ಡಿನಲ್ಲಿ ಎಂಟು ಅಡಿ ಬೇಕು. ಅಂದ್ರೆ 48 ಪಟ್ಟು. ಫೋಟೋ ಮೇಲೆ ಕಾಲು ಇಂಚಿನ ಚೌಕ ಎಳೆದರೆ ಬೋರ್ಡಿನಲ್ಲಿ ಒಂದು ಅಡಿ ಚೌಕ. ಸ್ಟಿಲ್ ವಾಪಸ್ ಕೊಡಬೇಕಿತ್ತು, ಅದಕ್ಕೆ ಫೋಟೋ ಮೇಲೆ ನೇರ ಗೆರೆ ಹಾಕ್ತಿರಲಿಲ್ಲ. ತೆಳು ಪಾರದರ್ಶಕ ಹಾಳೆ ಇಟ್ಟು ಅದರ ಮೇಲೆ ಹಾಕ್ತಿದ್ವಿ. ಬಟ್ಟೆ ಮೇಲೆ ದಾರಕ್ಕೆ ನೀಲಿ ಪುಡಿ ಹಚ್ಚಿ, ಇಬ್ಬರು ಎರಡು ತುದಿ ಹಿಡಿದು, ನಡುವೆ ಎಳೆದು ಚಟ್ ಅಂತ ಬಿಡೋದು. ಗೆರೆ ಮೂಡೋದು. ಆಮೇಲೆ ಇದ್ದಿಲಿನಿಂದ ಮುಖದ ಆಕಾರ.

ಈಗ 48 ಪಟ್ಟು ಅಂದ್ರೆ ಏನು ನೋಡು. ಫೋಟೋದಲ್ಲಿ ಕಣ್ಣಿನ ಗುಡ್ಡೆ ಒಂದು ಮಿಲಿಮೀಟರ್ ಆಚೆ ಓದಿಕೊಂಡರೆ ಬೋರ್ಡಿನಲ್ಲಿ ಸುಮಾರು 5 ಸೆಂಟಿಮೀಟರ್ ಹೋಯ್ತು. ಹೀರೋಗೆ ಮೆಳ್ಳೆಗಣ್ಣು! ಹತ್ತಿರ ನಿಂತವನಿಗೆ ಅದು ಗೊತ್ತೇ ಆಗಲ್ಲ, ಅವನ ಮುಂದೆ ಇರೋದು ಬರೀ ಒಂದು ಕಂದು ಬಣ್ಣದ ಗುಂಡು. ನಮ್ಮ ಅಂಗಡಿಯಲ್ಲಿ ಹಿಂದೆ ಸರಿಯೋದಕ್ಕೆ ಜಾಗ ಸಾಲ್ತಿರಲಿಲ್ಲ. ಮಾವ ಎದುರಿನ ಗೋಡೆಗೆ ಒಂದು ಕನ್ನಡಿ ಹಾಕಿದ್ದರು. ಬೆನ್ನು ತಿರುಗಿಸಿ ಅದರಲ್ಲಿ ನೋಡೋರು. ಕನ್ನಡಿಯಲ್ಲಿ ದೂರವೂ ಎರಡು ಪಟ್ಟು ಆಗುತ್ತೆ, ಎಡ ಬಲ ಅದಲುಬದಲಾಗಿ ತಪ್ಪು ತಟ್ಟನೆ ಕಣ್ಣಿಗೆ ಹೊಡೆಯುತ್ತೆ. ಇನ್ನೊಂದು, ಬೋರ್ಡು ಏರೋದು ಮೇಲೆ, ಜನ ನೋಡೋದು ಕೆಳಗಿಂದ. ಇದ್ದ ಹಾಗೆ ಬರೆದರೆ ಹಣೆ ಗಿಡ್ಡ ಕಾಣುತ್ತೆ. ಅದಕ್ಕೆ ಮಾವ ಹಣೆಗೆ ಒಂದು ಗೇಣು ಜಾಸ್ತಿ ಬಿಡೋರು. ಅದು ಯಾವ ಚೌಕದಲ್ಲೂ ಇರಲ್ಲ, ಕೈಯಲ್ಲಿ ಇರುತ್ತೆ.

ಕೆಲವು ಅಂಗಡಿಯವರು ರಾತ್ರಿ ಪ್ರೊಜೆಕ್ಟರ್ ಹಾಕಿ ಔಟ್‌ಲೈನ್ ತೆಗೀತಿದ್ದರು. ಬೇಗ ಆಗುತ್ತೆ, ಸುಳ್ಳಲ್ಲ. ಆದರೆ ಪ್ರೊಜೆಕ್ಟರ್ ಸ್ವಲ್ಪ ಓರೆಯಾದರೂ ಮುಖ ಒಂದು ಕಡೆ ಅಗಲ ಆಗಿಬಿಡೋದು.

ಕೈ ನೋಯ್ತಿದೆ, ಉಳಿದದ್ದು ಸಂಜೆ ಬರೀತೀನಿ.

ಇಳಕಲ್ ಅಂಗಡಿ:
ನಮಸ್ಕಾರ್ರೀ ಎಲ್ಲರಿಗೂ. ನಮ್ಮದು ಸೀರೆ ಅಂಗಡಿ. ಕೈಯಲ್ಲಿ ಬರೆದ ಬೋರ್ಡು ಬೇಕಾಗಿದೆ, ಚಂದ ಅಕ್ಷರ. ಯಾರಾದರೂ ಒಳ್ಳೆ ಪೇಂಟರ್ ಇದ್ರೆ ತಿಳಿಸಿ. ಮತ್ತೆ ನಮ್ಮ ಅಜ್ಜನ ಟ್ರಂಕಿನಲ್ಲಿ ಹಳೇ ಸಿನಿಮಾ ಪೋಸ್ಟರ್ ಏಳೆಂಟು ಇವೆ, ಬಣ್ಣ ನೋಡಿದರೆ ಕೈಯಲ್ಲೇ ಬರೆದ ಹಾಗಿದೆ. ಬಹಳ ಬೆಲೆ ಬರುತ್ತೆ ಅಂತಾರೆ, ಹೌದಾ?

ಡ್ರಾಯಿಂಗ್ ಟೀಚರ್, ವಿಜಯಪುರ:
ಇಳಕಲ್ ಅಣ್ಣಾ, ಕಾಗದದ ಪೋಸ್ಟರ್ ಬೇರೆ, ಬೋರ್ಡು ಬೇರೆ. ಒಂದು ಭೂತಗನ್ನಡಿ ಹಿಡಿದು ನೋಡಿ. ಗಲ್ಲದ ಮೇಲೆ ಸಣ್ಣ ಸಣ್ಣ ಚುಕ್ಕಿ ಸಾಲಾಗಿ ಕಂಡರೆ ಅದು ಅಚ್ಚಾಗಿದ್ದು. ಚಿತ್ರವನ್ನ ಯಾರೋ ಕಲಾವಿದರು ಕೈಯಲ್ಲೇ ಬರೆದಿರುತ್ತಾರೆ, ಆದರೆ ಆ ಒಂದು ಚಿತ್ರದಿಂದ ಸಾವಿರಾರು ಪ್ರತಿ ಶಿವಕಾಶಿಯಂಥ ಕಡೆ ಅಚ್ಚಾಗಿ ಊರೂರಿಗೆ ಹೋಗುತ್ತಿತ್ತು. ನಿಮ್ಮ ಹತ್ತಿರ ಇರೋದು ಬಹುಶಃ ಅದೇ. ಹಾಗಂತ ಬಿಸಾಡಬೇಡಿ. ಮಡಚಿ ಇಟ್ಟಿದ್ದರೆ ಬಿಡಿಸಿ ಚಪ್ಪಟೆ ಇಡಿ, ಮಡಿಕೆ ಇದ್ದಲ್ಲೇ ಮೊದಲು ಹರಿಯುತ್ತೆ.

ಟಾಕೀಸಿನ ಬೋರ್ಡು ಮಾತ್ರ ಒಂದೇ ಒಂದು. ಅದಕ್ಕೆ ಎರಡನೇ ಪ್ರತಿ ಇಲ್ಲ.

ಜಮಖಂಡಿ ಜವಾರಿ:
ಎಲ್ಲರೂ ಕಲೆ ಕಲೆ ಅಂತೀರಿ. ನನಗೆ ಅರ್ಥ ಆಗದ್ದು ಇದು. ಕಾಕಾನೇ ಹೇಳಿದ್ರಲ್ಲ, ಫೋಟೋಗೆ ಚೌಕ ಹಾಕಿ ದೊಡ್ಡದು ಮಾಡೋದು ಅಂತ. ಅದು ಕಾಪಿ ಅಲ್ವಾ? ಕಾಪಿ ಮಾಡೋ ಕೆಲಸಕ್ಕೆ ಚೆನ್ನಾಗಿ ಕಾಪಿ ಮಾಡೋ ಮಷಿನ್ ಬಂತು. ಅಷ್ಟಕ್ಕೆ ಅಳೋದು ಯಾಕೆ? ಮತ್ತೆ ನಮ್ಮೂರ ಬೋರ್ಡುಗಳಲ್ಲಿ ಹೀರೋ ಯಾರು ಅಂತ ಹೆಸರು ಓದಿದ ಮೇಲೇ ಗೊತ್ತಾಗ್ತಿದ್ದದ್ದು, ನಿಜ ಹೇಳಿ.

ಡ್ರಾಯಿಂಗ್ ಟೀಚರ್, ವಿಜಯಪುರ:
ಹ್ಹ ಹ್ಹ, ಕೆಟ್ಟ ಬೋರ್ಡು ಬಹಳ ಇದ್ದವು, ಒಪ್ಪಿದೆ. ಆದರೆ ಕಾಪಿ ಅನ್ನೋದು ಒಪ್ಪಲ್ಲ. ಆಗ ಎಷ್ಟೋ ಸ್ಟಿಲ್ ಕಪ್ಪುಬಿಳುಪು. ಬಣ್ಣ ಎಲ್ಲಿಂದ ಬರಬೇಕು? ಮುಖದ ಒಂದು ಕಡೆ ಕೆಂಪು, ಕಿತ್ತಳೆ. ಇನ್ನೊಂದು ಕಡೆ ನೀಲಿ, ಹಸಿರು. ಯಾರ ಗಲ್ಲವೂ ಹಸಿರು ಇರಲ್ಲ. ಆದರೆ ರಸ್ತೆಯ ಆ ತುದಿಯಿಂದ ಬಿಸಿಲಲ್ಲಿ ನೋಡಿದಾಗ ಚರ್ಮದ ಬಣ್ಣದಲ್ಲೇ ನೆರಳು ಕೊಟ್ಟರೆ ಮುಖ ಚಪ್ಪಟೆ ರೊಟ್ಟಿ ಆಗುತ್ತೆ. ಬಿಸಿ ಬಣ್ಣದ ಪಕ್ಕ ತಣ್ಣನೆಯ ಬಣ್ಣ ಇಟ್ಟರೆ ಮೂಗು ಎದ್ದು ನಿಲ್ಲುತ್ತೆ. ಇದನ್ನ ಯಾವ ಫೋಟೋ ನೋಡಿ ಕಾಪಿ ಮಾಡಿದರು?

ಇನ್ನೊಂದು ಮಾತು. ಈ ಕೈ ಸುಮ್ನೆ ಆಕಾಶದಿಂದ ಬಿದ್ದಿದ್ದಲ್ಲ. ಬೆಳಗಾವಿ ಪಕ್ಕದ ಕೊಲ್ಹಾಪುರದ ಬಾಬುರಾವ್ ಪೇಂಟರ್ ಮೊದಲು ನಾಟಕ ಕಂಪನಿಗಳ ಪರದೆ ಬರೆದು, ಆಮೇಲೆ ಸಿನಿಮಾ ತೆಗೆದು, ತಮ್ಮ ಸಿನಿಮಾಗೆ 1920ರ ದಶಕದಲ್ಲೇ ಪೋಸ್ಟರನ್ನೂ ತಾವೇ ಬರೆದರು. ನಮ್ಮ ಕಲಬುರಗಿಯ ಎಸ್.ಎಂ. ಪಂಡಿತ್ ಮುಂಬೈಗೆ ಹೋಗಿ ಸಿನಿಮಾ ಪ್ರಚಾರದ ಚಿತ್ರಗಳಿಂದಲೇ ಹೆಸರು ಮಾಡಿದರು. ಎಂ.ಎಫ್. ಹುಸೇನ್ 1930ರ ದಶಕದಲ್ಲಿ ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದೇ ಹೊಟ್ಟೆ ಹೊರೆದದ್ದು. ಗ್ಯಾಲರಿಗೆ ಹೋದವರು ಕಲಾವಿದರು, ಟಾಕೀಸಿಗೆ ಬರೆದವರು ಕಾಪಿ ಮಾಡಿದವರು ಅಂದ್ರೆ ಅದು ನ್ಯಾಯ ಅಲ್ಲ.

ಜಮಖಂಡಿ ಜವಾರಿ:
ಮೂರು ದೊಡ್ಡ ಹೆಸರು ಹೇಳಿದ್ರಿ ಮೇಡಂ. ಅವರಿಗೂ ನಮ್ಮೂರ ಪೇಂಟರಿಗೂ ಏನು ಸಂಬಂಧ? ಬಣ್ಣದ ಮಾತು ಒಪ್ಪಿದೆ, ಉಳಿದದ್ದು ಒಪ್ಪಲ್ಲ.

ಬಣ್ಣದ ಕಾಕಾ:
ಜವಾರಿ, ನಿನ್ನ ಜೊತೆ ಜಗಳ ಇಲ್ಲ. ಕಾಪಿ ಅಂತಲೇ ಇಟ್ಟುಕೋ. ಆದರೆ ಒಂದೇ ಸಿನಿಮಾಗೆ ಬೆಳಗಾವಿಯ ಬೋರ್ಡು ಬೇರೆ, ವಿಜಯಪುರದ ಬೋರ್ಡು ಬೇರೆ ಇರುತ್ತಿತ್ತು. ನಮ್ಮಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಓಡ್ತಿದ್ದವು. ಯಾವ ಟಾಕೀಸಿಗೆ ಯಾವ ಜನ ಬರ್ತಾರೆ ಅಂತ ಮಾವನಿಗೆ ಗೊತ್ತಿತ್ತು. ಸಂತೆ ದಿನ ಹಳ್ಳಿ ಜನ ಜಾಸ್ತಿ ಬರೋ ಟಾಕೀಸಿಗೆ ಫೈಟು, ದೇವರು, ಎತ್ತು ಮುಂದೆ. ಕ್ಯಾಂಪಿನ ಕಡೆ ಹೀರೋಯಿನ್ ಮುಂದೆ. ಒಂದು ಸಿನಿಮಾದಲ್ಲಿ ಹಾಸ್ಯನಟನ ಸೀನಿಗೆ ಜನ ಸೀಟಿ ಹೊಡೀತಾರೆ ಅಂತ ಗೇಟ್‌ಕೀಪರ್ ಬಂದು ಹೇಳಿದ. ಎರಡನೇ ವಾರಕ್ಕೆ ಏಣಿ ಹಾಕಿ ಅದೇ ಬೋರ್ಡಿನ ಮೂಲೆಯಲ್ಲಿ ಅವನ ಮುಖ ಸೇರಿಸಿದ್ವಿ. ಇಂಥದ್ದಕ್ಕೆ ಹಂಚಿಕೆದಾರರ ಒಪ್ಪಿಗೆ ಯಾರೂ ಕೇಳ್ತಿರಲಿಲ್ಲ.

ಈಗ ಬಣ್ಣದ ವಿಷಯ. ಮಂಜನಿಗೆ ಇದು ಬೇಕಾಗುತ್ತೆ, ಯಾಕೆಂದರೆ ದಿನದ ಲೆಕ್ಕ ಇಲ್ಲೇ ಇದೆ. ಬಟ್ಟೆಯನ್ನ ಮರದ ಚೌಕಟ್ಟಿಗೆ ಬಿಗಿದು ಮೊದಲು ಸರಸು ಹಚ್ಚಬೇಕು, ಬಡಗಿಗಳು ಹಚ್ಚೋ ಅಂಟು. ಅದು ಬಿಟ್ಟು ನೇರ ಎಣ್ಣೆ ಬಣ್ಣ ಹಚ್ಚಿದರೆ ಎಣ್ಣೆ ಬಟ್ಟೆಗೆ ಇಳಿದು ನೂಲು ಕೆಡುತ್ತೆ, ಸ್ವಲ್ಪ ದಿನಕ್ಕೆ ಬಟ್ಟೆ ಪುಡಿಪುಡಿ. ಆಮೇಲೆ ಜಿಂಕ್ ಬಿಳಿ. ಆಮೇಲೆ ಬಣ್ಣದ ಪುಡಿಯನ್ನ ಅಗಸೆ ಎಣ್ಣೆಯಲ್ಲಿ ಕಲಸಿ ಬರೆಯೋದು. ಅಗಸೆ ಎಣ್ಣೆ ನೀರಿನ ಹಾಗೆ ಆರಿ ಹೋಗಲ್ಲ, ಗಾಳಿ ಹೀರಿಕೊಂಡು ಗಟ್ಟಿಯಾಗುತ್ತೆ. ಅದಕ್ಕೆ ಹೊತ್ತು ಬೇಕು. ಬೆಳಗಾವಿಯ ಜುಲೈ ಮಳೆಯಲ್ಲಿ ಡ್ರೈಯರ್ ಹಾಕಿದರೂ ಅಂಟು ಅಂಟು. ಬೇಗ ಏರಿಸಿದರೆ ಬಣ್ಣ ಜಾರುತ್ತೆ. ಒಬ್ಬರು ಶೇಂಗಾ ಎಣ್ಣೆ ಬೆರೆಸಿ ಉಳಿತಾಯ ಮಾಡೋಕೆ ಹೋಗಿದ್ದರು. ಅದು ಯಾವತ್ತೂ ಒಣಗಲ್ಲ. ರಸ್ತೆ ಧೂಳೆಲ್ಲ ಹೀರೋಯಿನ್ ಮುಖಕ್ಕೆ ಕೂತು ಆಕೆಗೆ ಗಡ್ಡ ಬಂತು.

ಒಟ್ಟು ಹೇಳಬೇಕಂದ್ರೆ ಸ್ಟಿಲ್ ಕೈಗೆ ಬಂದ ಮೇಲೆ ಒಂದು ವಾರ ನಮಗೆ ಬೇಕಿತ್ತು. ಮತ್ತೆ ಆ ವಾರ ನಮಗೆ ಸಿಗುತ್ತಿತ್ತು. ಅದು ಹೇಗೆ ಸಿಗುತ್ತಿತ್ತು, ಆಮೇಲೆ ಯಾಕೆ ಸಿಗಲಿಲ್ಲ, ಅದರಲ್ಲೇ ಉತ್ತರ ಇದೆ.

ಆಗ ಸಿನಿಮಾ ರೀಲಿನ ಡಬ್ಬದಲ್ಲಿ ಬರುತ್ತಿತ್ತು. ಒಂದು ಪ್ರಿಂಟಿಗೆ ಅರ್ಧ ಲಕ್ಷದ ಮೇಲೆ ಖರ್ಚು. ಹಾಗಾಗಿ ಪ್ರಿಂಟ್ ಕಡಿಮೆ. ಬೆಂಗಳೂರು, ಹುಬ್ಬಳ್ಳಿಯಲ್ಲಿ ಓಡಿ ಆಮೇಲೆ ಸಣ್ಣ ಊರಿಗೆ. ನಮಗೆ ಯಾವ ಸಿನಿಮಾ ಬರುತ್ತೆ ಅಂತ ಮೊದಲೇ ಗೊತ್ತಿರೋದು. ಬಂದದ್ದು ನಾಲ್ಕು ವಾರ, ಓಡಿದರೆ ಐವತ್ತು ದಿನ, ನೂರು ದಿನ. ಒಂದು ಬೋರ್ಡಿನ ಖರ್ಚು ಅಷ್ಟು ದಿನಕ್ಕೆ ಹಂಚಿ ಹೋಗೋದು. 2005ರ ನಂತರ ಸ್ಯಾಟಲೈಟ್ ಮೂಲಕ ಡಿಜಿಟಲ್ ಸಿನಿಮಾ ಬಂತಲ್ಲ, ರೀಲು ಬೇಕಿಲ್ಲ. ಬೆಂಗಳೂರಿನಲ್ಲಿ ಶುಕ್ರವಾರ ಬಂದದ್ದು ಬೈಲಹೊಂಗಲದಲ್ಲೂ ಅದೇ ಶುಕ್ರವಾರ. ಮುಂದಿನ ಶುಕ್ರವಾರ ಎತ್ತಂಗಡಿ. ಯಾವ ಸಿನಿಮಾ ಅಂತ ಬುಧವಾರ ಗೊತ್ತಾದರೆ ಬೋರ್ಡು ಯಾವಾಗ ಬರೆಯೋದು, ಯಾವಾಗ ಒಣಗಿಸೋದು? ಒಂದು ವಾರದ ಸಿನಿಮಾಗೆ ಒಂದು ವಾರದ ಕೆಲಸ ಯಾರು ಮಾಡಿಸ್ತಾರೆ?

ಅದೇ ಹೊತ್ತಿಗೆ ಸ್ಟಿಲ್ ಬರೋದೂ ನಿಂತಿತು. ಒಂದು ಸಿಡಿ ಬರೋಕೆ ಶುರುವಾಯಿತು. ಸಿಡಿಯಲ್ಲಿ ಬೋರ್ಡು ಪೂರ್ತಿ ತಯಾರು. ಮುಖ, ಅಕ್ಷರ, ಬಣ್ಣ ಎಲ್ಲಾ ಬೆಂಗಳೂರಿನಲ್ಲೇ ಕೂಡಿಸಿ ಆಗಿದೆ. ದೊಡ್ಡದು ಮಾಡೋದು ಮಾತ್ರ ಬಾಕಿ, ಅದನ್ನ ಮಷಿನ್ ಮಾಡುತ್ತೆ. ನಾವು ಯಾವ ಕೆಲಸಕ್ಕೆ ಇದ್ದೆವೋ ಸರಿಯಾಗಿ ಅದೇ ಕೆಲಸ ಹೋಯಿತು. ಅಂಗಡಿ ಬೋರ್ಡು ಬರೆಯುವವನದು ಹಾಗಲ್ಲ, ಅವನು ದೊಡ್ಡದು ಮಾಡುವವನಲ್ಲ, ಅಕ್ಷರ ಬರೆಯುವವನು. ಗೋಡೆ ಮೇಲೆ, ಲಾರಿ ತಗಡಿನ ಮೇಲೆ ಫ್ಲೆಕ್ಸ್ ಕೂರಲ್ಲ. ಅದಕ್ಕೇ ಅವರು ಉಳಿದರು ತಮ್ಮಾ.

ಟಿಳಕವಾಡಿ ತಮ್ಮ:
ಕಾಕಾ, ಇದನ್ನ ನಾನು ಎಲ್ಲೂ ಓದಿರಲಿಲ್ಲ. ಅಂದ್ರೆ ರೀಲು ಹೋಗದೆ ಬರೀ ಫ್ಲೆಕ್ಸ್ ಬಂದಿದ್ದರೆ ನೀವು ಉಳೀತಿದ್ರಾ?

ಬಣ್ಣದ ಕಾಕಾ:
ಇನ್ನೊಂದಿಷ್ಟು ವರ್ಷ ಎಳೀತಿದ್ವಿ ಅನ್ಸುತ್ತೆ. ಪೂರ್ತಿ ಉಳೀತಿದ್ವಿ ಅಂತ ಹೇಳೋ ಧೈರ್ಯ ಇಲ್ಲ. ಊರಲ್ಲೇ ಮಷಿನ್ ಬಂದ ಮೇಲೆ ರೇಟೂ ಬಿತ್ತು, ಅಲ್ಲಿ ಮಂಜನ ಮಾತು ಸರಿ.

ಫ್ಲೆಕ್ಸ್ ಮಂಜ, ಬಾಗಲಕೋಟೆ:
ಅದನ್ನೇ ನಾನು ಮೊದಲಿಂದ ಹೇಳಿದ್ದು 😀

ಕಾಕಾ, ನೀವು ಒಂದು ಬಿಟ್ರಿ. ಅಭಿಮಾನಿ ಸಂಘದವರು. ನನಗೆ ಸಿನಿಮಾದವರಿಗಿಂತ ಅವರಿಂದಲೇ ಜಾಸ್ತಿ ವ್ಯಾಪಾರ. ಮೇಲೆ ಹೀರೋ, ಕೆಳಗೆ ನಲವತ್ತು ಹುಡುಗರ ಪಾಸ್‌ಪೋರ್ಟ್ ಫೋಟೋ, ಪ್ರತಿಯೊಬ್ಬರ ಹೆಸರು. ಕೂಲಿಂಗ್ ಗ್ಲಾಸ್ ಹಾಕಿದ ಫೋಟೋನೇ ಬೇಕು. ಒಬ್ಬನ ಫೋಟೋ ಪಕ್ಕದವನಿಗಿಂತ ಚಿಕ್ಕದಾದರೆ ಅಂಗಡಿಗೆ ಬಂದು ಜಗಳ. ನಲವತ್ತು ಹುಡುಗರ ಮುಖ ನಿಮ್ಮ ಮಾವ ಬರೀತಿದ್ರಾ?

ಬಣ್ಣದ ಕಾಕಾ:
ಇಲ್ಲಪ್ಪ! ಎರಡು ಮುಖ ಬರೆಯೋದಕ್ಕೇ ಬೆನ್ನು ಮುರಿಯೋದು. ಇದು ಒಳ್ಳೆ ಮಾತು ಮಂಜ. ಜನಕ್ಕೆ ಹೀರೋ ಜೊತೆ ತಮ್ಮ ಮುಖವೂ ಬೇಕು ಅನ್ನೋ ಆಸೆ ಫ್ಲೆಕ್ಸ್ ಬಂದ ಮೇಲೆ ಹುಟ್ಟಿದ್ದೋ, ಮೊದಲೇ ಇತ್ತೋ ಗೊತ್ತಿಲ್ಲ. ಪೇಂಟ್ ಮಾಡಿಸಿ ತೀರಿಸಿಕೊಳ್ಳೋ ಆಸೆ ಅದಲ್ಲ. ಮತ್ತೆ ಹೀರೋಗಳಿಗೂ ತಮ್ಮ ಮುಖ ಎಲ್ಲಾ ಊರಲ್ಲಿ ಒಂದೇ ಥರ ಬೇಕಾಯ್ತು. ನಮ್ಮ ಮೆಳ್ಳೆಗಣ್ಣು ಯಾರಿಗೆ ಬೇಕು.

ಇಳಕಲ್ ಅಂಗಡಿ:
ಚುಕ್ಕಿ ಕಂಡವು. ಅಚ್ಚಾಗಿದ್ದೇ.

ಆದರೆ ನಮ್ಮ ಮಾವನವರ ಹೊಲದಲ್ಲಿ ಬಣವೆ ಮೇಲೆ ಹಳೇ ದಪ್ಪ ಬಟ್ಟೆ ಹೊದಿಸಿದ್ದರು, ಅದರಲ್ಲಿ ಮುಖ ಕಾಣುತ್ತೆ. ಅದು ನೀವು ಹೇಳೋ ಬೋರ್ಡಾ?

ಬಣ್ಣದ ಕಾಕಾ:
ಅದೇ ಇರಬೇಕು! ಬರೆದೂ ಬರೆದೂ ಬಟ್ಟೆ ಭಾರವಾದ ಮೇಲೆ ಹಾಗೇ ಮಾರಿಬಿಡುತ್ತಿದ್ದರು. ಎಣ್ಣೆ ಕುಡಿದ ಬಟ್ಟೆ, ನೀರು ಇಳಿಯಲ್ಲ. ಬಣವೆ, ದನದ ಕೊಟ್ಟಿಗೆ, ಮಾರ್ಕೆಟ್ಟಿನ ಶೆಡ್ಡು, ಎಲ್ಲಾ ಕಡೆ ಹೋಗಿವೆ. ಬೋರ್ಡುಗಳು ಉಳಿಯದಿರೋಕೆ ಅರ್ಧ ಕಾರಣ ಇದು, ಇನ್ನರ್ಧ ಮೇಲೆ ಬಿಳಿ ಹೊಡೆದದ್ದು.

ಅಂಚಿನಲ್ಲಿ ಬಣ್ಣ ಎದ್ದಿರೋ ಕಡೆ ನೋಡಿ. ಒಂದರ ಕೆಳಗೆ ಒಂದು ಬಿಳಿ ಪದರ, ನಡುವೆ ಬೇರೆ ಬೇರೆ ಬಣ್ಣ ಕಂಡರೆ ಅಷ್ಟು ಸಿನಿಮಾ ಅದರೊಳಗೆ ಇವೆ. ಕೆರೆಯಬೇಡಿ, ಸೋಪು ನೀರು ಹಾಕಬೇಡಿ. ಮಡಚಲೇಬೇಡಿ. ದಪ್ಪ ಪೈಪಿಗೆ ಸುತ್ತಿ. ಸುತ್ತುವಾಗ ಬಣ್ಣದ ಕಡೆ ಹೊರಗೆ ಇರಲಿ. ಒಳಗೆ ಇಟ್ಟು ಸುತ್ತಿದರೆ ಬಣ್ಣ ಒತ್ತಿಕೊಂಡು ಪದರ ಪದರವಾಗಿ ಬಿಟ್ಟುಕೊಳ್ಳುತ್ತೆ. ಮುಟ್ಟಿದ ಕೈ ತೊಳೆದುಕೊಳ್ಳಿ, ಹಳೇ ಹಳದಿಯಲ್ಲಿ ಸೀಸ ಇರುತ್ತೆ. ದನ ನೆಕ್ಕೋ ಹಾಗೆ ಬಿಡಲೇಬೇಡಿ.

ಡ್ರಾಯಿಂಗ್ ಟೀಚರ್, ವಿಜಯಪುರ:
ದಯವಿಟ್ಟು ಒಂದು ಫೋಟೋ ತೆಗೆದು ಹಾಕಿ ಅಣ್ಣಾ.

ನನಗೊಂದು ಸಂಶಯ. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ನಿಷೇಧ ಮಾಡಿದಾಗ ಅದರಲ್ಲಿ ಫ್ಲೆಕ್ಸೂ ಇತ್ತು. ಆಗ ಬಟ್ಟೆ ಬೋರ್ಡು ವಾಪಸ್ ಬರುತ್ತೆ ಅಂತ ನಮ್ಮ ಕಡೆ ಕೆಲವರು ಖುಷಿ ಪಟ್ಟರು. ಬರಲಿಲ್ಲ ಯಾಕೆ?

ಫ್ಲೆಕ್ಸ್ ಮಂಜ, ಬಾಗಲಕೋಟೆ:
ನಿಷೇಧ ಸರಿಯಾಗಿ ಜಾರಿ ಮಾಡಿದ್ರೆ ಖಂಡಿತ ಬರ್ತಿತ್ತು ಮೇಡಂ. ನಾವೆಲ್ಲ ಬಾಗಿಲು ಹಾಕಿದ್ರೆ ಜನ ಪೇಂಟರ್ ಹತ್ತಿರ ಹೋಗಲೇಬೇಕಲ್ಲ.

ಬಣ್ಣದ ಕಾಕಾ:
ಬರಲ್ಲ ಮಂಜ. ನೀನೇ ಈಗ ಬಟ್ಟೆ ಮೇಲೂ ಪ್ರಿಂಟ್ ಹೊಡೀತೀಯಲ್ಲ? ನಿಷೇಧ ಆಗಿದ್ದು ಪ್ಲಾಸ್ಟಿಕ್ಕು, ಮಷಿನ್ ಅಲ್ಲ. ಇನ್ನೊಂದು, ಯಾರು ಬರೀಬೇಕು? ನಮ್ಮಲ್ಲಿ ಹುಡುಗ ಬಂದರೆ ಮೊದಲು ಬ್ರಷ್ ತೊಳೆಯೋದು, ಆಮೇಲೆ ಬಿಳಿ ಹೊಡೆಯೋದು, ಆಮೇಲೆ ಆಕಾಶ, ಗಿಡ, ಬಟ್ಟೆ. ಮುಖ ಮುಟ್ಟೋಕೆ ವರ್ಷಗಟ್ಟಲೆ. ಮುಖ ಗುರುವಿನದೇ. ಹುಡುಗರು ಬರೋದು ನಿಂತ ಮೇಲೆ ಮುಖ ಬರೆಯುವವರು ಹುಟ್ಟಲಿಲ್ಲ. ನಾನೇ ಆಕಾಶ, ಬಟ್ಟೆವರೆಗೆ ಬಂದವನು. ಈಗ ಶಾಲೆ ಗೋಡೆಗೆ ಭೂಪಟ ಬರೀತೀನಿ.

ಡ್ರಾಯಿಂಗ್ ಟೀಚರ್, ವಿಜಯಪುರ:
ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಇನ್ನೂ ಟೆಂಟ್ ಹಾಕ್ತವೆ. ಹೊರಗಿನ ಬೋರ್ಡು ಈಗ ಫ್ಲೆಕ್ಸೇ. ಆದರೆ ಒಳಗೆ ಅರಮನೆ, ಬೀದಿ, ಕಾಡಿನ ಪರದೆ ಕೈಯಲ್ಲಿ ಬರೆದದ್ದು ನೋಡಿದ ನೆನಪು. ಆ ಪರದೆ ಬರೆಯುವವರಿಗೆ ಈ ದೊಡ್ಡ ಅಳತೆಯ ಕೈ ಇರಬಹುದಲ್ವಾ?

ಬಣ್ಣದ ಕಾಕಾ:
ಅಳತೆಯ ಕೈ ಇರುತ್ತೆ ಮೇಡಂ. ಮುಖದ ಕೈ ಬೇರೆ. ಪರದೆಯಲ್ಲಿ ಕಂಬ ಒಂದು ಗೇಣು ಆಚೆ ಹೋದರೂ ಅರಮನೆ ಅರಮನೆಯೇ.

ಜಮಖಂಡಿ ಜವಾರಿ:
ಬನಶಂಕರಿಯಲ್ಲಿ ಹೋದ ಸಲ ಪರದೆಯೂ ಪ್ರಿಂಟ್ ನೋಡಿದೆ ನಾನು.

ಡ್ರಾಯಿಂಗ್ ಟೀಚರ್, ವಿಜಯಪುರ:
ಎಲ್ಲಾ ಕಂಪನಿಯದೂ ಅಲ್ಲ. ಈ ಸಲ ಜಾತ್ರೆಗೆ ಹೋದವರು ಯಾರಾದರೂ ವಿಚಾರಿಸಿ ಬರೀರಿ.

ಇಳಕಲ್ ಅಂಗಡಿ:
ಬಟ್ಟೆಯ ಫೋಟೋ ನಾಳೆ ಹಾಕ್ತೀನಿ. ಅದೆಲ್ಲ ಸರಿ, ನನ್ನ ಅಂಗಡಿ ಬೋರ್ಡು ಯಾರು ಬರೀತಾರೆ ಅಂತ ಒಬ್ಬರೂ ಹೇಳಲಿಲ್ಲ.

ಬಣ್ಣದ ಕಾಕಾ:
ರಸ್ತೆ ಎಷ್ಟು ಅಗಲ ಇದೆ ಮೊದಲು ಅಳೆದು ಹೇಳಿ. 40 ಅಡಿ ಆಚೆಯಿಂದ ಓದಬೇಕಂದ್ರೆ ಅಕ್ಷರ 4 ಇಂಚಿಗಿಂತ ಕಡಿಮೆ ಬೇಡ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟು ತಗಡು ಕತ್ತರಿಸಿ. ಬಿಸಿಲು ಎದುರಿಗೆ ಬಿದ್ದರೆ ಕೆಂಪು ಬೇಗ ಮಾಸುತ್ತೆ, ಕಡುನೀಲಿ ಇಟ್ಟುಕೊಳ್ಳಿ. ಮಳೆ ನಿಂತ ಮೇಲೆ ನಾನೇ ಬರ್ತೀನಿ, ಅಕ್ಷರ ನನಗೆ ಬರುತ್ತೆ.